ಕೆಲಸ ಬಿಟ್ಟು ಹೊರಟ ಗೆಳತಿಗೆ ಸ್ಪ್ಯಾನಿಷ್‌ನಲ್ಲಿ ಒಂದು ನಿಮಿಷದ ಬೀಳ್ಕೊಡುಗೆ: ಬರೆಯುವುದರಿಂದ ಲೋಟ ಎತ್ತುವವರೆಗೆ

ಮೆಕ್ಸಿಕೋದ ಗ್ವದಲಹಾರ ನಗರದಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಊಟದ್ದೇ ದೊಡ್ಡ ಸಮಸ್ಯೆಯಾಗಿತ್ತು. ನಾನು ಮಾಂಸ ತಿನ್ನುವುದಿಲ್ಲ. ಬೀದಿ ಬದಿಯ ಅಂಗಡಿಗಳಲ್ಲಿ ಸಿಗುವ ಬೇಯಿಸಿದ ಬೀನ್ಸ್ ಕಾಳು ಸಸ್ಯಾಹಾರವೇ ಎಂದುಕೊಂಡಿದ್ದೆ. ಅದನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುವ ವಾಡಿಕೆ ಇದೆ ಎಂದು ಹೇಳಿದವಳು ಪಕ್ಕದ ಮೇಜಿನ ಸಹೋದ್ಯೋಗಿ. ಆಮೇಲೆ ಮೂರು ವರ್ಷ, ನಾವು ಎಲ್ಲಿ ಊಟಕ್ಕೆ ಹೋದರೂ ನಾನು ಬಾಯಿ ತೆರೆಯುವ ಮೊದಲೇ ಅವಳು ಅಂಗಡಿಯವರನ್ನು ಕೇಳುತ್ತಿದ್ದಳು: 'ಇದಕ್ಕೆ ಕೊಬ್ಬು ಹಾಕಿದ್ದೀರಾ?' ಅವಳು ಬೇರೆ ಕಂಪನಿಗೆ ಹೊರಟಾಗ ಬೀಳ್ಕೊಡುಗೆಯ ದಿನ ನಾಲ್ಕು ಮಾತು ಆಡಬೇಕೆಂದು ನನಗೆ ಅನಿಸಿತು, ಅದೂ ಅವಳ ಭಾಷೆಯಲ್ಲೇ. ಆಗ ನಾನು ಏನು ಮಾಡಿದೆ, ಎಲ್ಲಿ ಎಡವುತ್ತಿದ್ದೆ, ಸ್ಥಳೀಯರು ಏನು ತಿದ್ದಿದರು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹೀಗೆ ಲೋಟ ಎತ್ತಿ ಆಡುವ ಮಾತಿಗೆ ಸ್ಪ್ಯಾನಿಷ್‌ನಲ್ಲಿ 'ಬ್ರೀಂದಿಸ್' ಎನ್ನುತ್ತಾರೆ. ಬೀಳ್ಕೊಡುಗೆಗೆ 'ದೆಸ್ಪೆದೀದ'. ಲೇಖನದುದ್ದಕ್ಕೂ ಸ್ಪ್ಯಾನಿಷ್ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಒತ್ತಿ ಹೇಳಬೇಕಾದ ಅಕ್ಷರಕ್ಕೆ ದೀರ್ಘ ಹಾಕಿದ್ದೇನೆ. ಸ್ಪ್ಯಾನಿಷ್‌ನಲ್ಲಿ ನಮ್ಮ ಹಾಗೆ ಹ್ರಸ್ವ-ದೀರ್ಘದ ಭೇದ ಇಲ್ಲ, ಆದ್ದರಿಂದ ದೀರ್ಘ ಕಂಡಲ್ಲಿ ರಾಗ ಎಳೆಯಬೇಡಿ, ಸ್ವಲ್ಪ ಒತ್ತಿ ಹೇಳಿದರೆ ಸಾಕು.

ಹೆಜ್ಜೆ 1: ಯಾರ ಸ್ಪ್ಯಾನಿಷ್, ಏಕವಚನವೋ ಬಹುವಚನವೋ

ಧಾರವಾಡದ ಮಾತಿಗೂ ಮಂಗಳೂರಿನ ಮಾತಿಗೂ ಇರುವಂಥ ವ್ಯತ್ಯಾಸ ಇಲ್ಲೂ ಇದೆ. ಗೆಳತಿ ಯಾವ ದೇಶದವಳು ಎಂಬುದನ್ನು ಮೊದಲು ನೋಡಿಕೊಳ್ಳಿ, ಯಾಕೆಂದರೆ ಅತಿ ಮುಖ್ಯವಾದ ಸಾಲೇ ಬದಲಾಗುತ್ತದೆ. 'ನೀನಿಲ್ಲದೆ ನಮಗೆ ಬೇಜಾರಾಗುತ್ತದೆ' ಎನ್ನಲು ಮೆಕ್ಸಿಕೋದಲ್ಲಿ 'ತೆ ಬಾಮೊಸ್ ಅ ಎಕ್ಸ್ತ್ರನ್ಯಾರ್' ಎನ್ನುತ್ತಾರೆ. ಸ್ಪೇನ್‌ನಲ್ಲಿ ಸಾಮಾನ್ಯವಾಗಿ ಕೇಳಿಬರುವುದು 'ತೆ ಬಾಮೊಸ್ ಅ ಎಚಾರ್ ದೆ ಮೇನೊಸ್'.

'ನೀನು' ಎನ್ನಲು 'ತೂ', 'ನೀವು' ಎನ್ನಲು 'ಉಸ್ತೇದ್'. ಮೂರು ವರ್ಷ ಒಟ್ಟಿಗೆ ಊಟ ಮಾಡಿದ ಗೆಳತಿಗೆ ಮೆಕ್ಸಿಕೋದಲ್ಲಿ 'ತೂ' ಎಂದೇ ಹೇಳಬೇಕು. ಗೌರವ ಎಂದುಕೊಂಡು ಆ ದಿನ ಏಕಾಏಕಿ 'ಉಸ್ತೇದ್' ಎಂದರೆ ದೂರ ತಳ್ಳಿದಂತಾಗುತ್ತದೆ. ನಿವೃತ್ತರಾಗುತ್ತಿರುವ ಹಿರಿಯರನ್ನು ದಿನಾ 'ಉಸ್ತೇದ್' ಎಂದೇ ಕರೆಯುತ್ತಿದ್ದರೆ ಅಂದೂ ಹಾಗೇ ಕರೆಯಿರಿ. ಒಟ್ಟಿನಲ್ಲಿ ದಿನನಿತ್ಯ ಹೇಗೆ ಮಾತಾಡಿಸುತ್ತೀರೋ ಹಾಗೆ. ಅರ್ಜೆಂಟೀನಾದವರಾದರೆ 'ತೂ' ಜಾಗದಲ್ಲಿ 'ಬೋಸ್' ಬರುತ್ತದೆ. ಕೊಲಂಬಿಯಾದ ಕೆಲವು ಕಡೆ ಆಪ್ತರ ನಡುವೆಯೂ 'ಉಸ್ತೇದ್' ಓಡಾಡುತ್ತದೆ.

ಹೆಜ್ಜೆ 2: ಒಂದೇ ಒಂದು ನೆನಪು

ನಿಮಗೆ ಸಿಗುವುದು ಒಂದು ನಿಮಿಷ. ಕಲಿತ ಭಾಷೆಯಲ್ಲಿ ನಿಧಾನವಾಗಿ ಮಾತಾಡಿದರೆ ಒಂದು ನಿಮಿಷಕ್ಕೆ ಎಂಬತ್ತು ಪದ ಹಿಡಿಸುತ್ತವೆ. ಅಷ್ಟರಲ್ಲಿ ಅವಳ ಪ್ರತಿಭೆ, ಶ್ರಮ, ನಗು, ತಂಡಕ್ಕೆ ಕೊಟ್ಟ ಕೊಡುಗೆ ಎಂದು ಪಟ್ಟಿ ಮಾಡಲು ಹೋದರೆ ಯಾವುದೂ ಮನಸ್ಸಿಗೆ ತಾಕುವುದಿಲ್ಲ. ಅಂಥ ಮಾತನ್ನು ಹೇಗಿದ್ದರೂ ಮ್ಯಾನೇಜರ್ ಆಡಿರುತ್ತಾರೆ.

ಅವಳು ಆಡಿದ ಒಂದು ಮಾತನ್ನು, ಅವಳ ಬಾಯಲ್ಲಿ ಬಂದ ಹಾಗೇ ಹಿಡಿದುಕೊಳ್ಳಿ. ನನಗೆ ಸಿಕ್ಕಿದ್ದು 'ಲೊಸ್ ಫ್ರಿಹೋಲೆಸ್ ಯೇಬನ್ ಮಂತೇಕ?', ಅಂದರೆ 'ಬೀನ್ಸ್ ಕಾಳಿಗೆ ಕೊಬ್ಬು ಹಾಕಿದ್ದೀರಾ?'. ಇದರಿಂದ ಎರಡು ಲಾಭ. ಕೇಳಿದವರಿಗೆಲ್ಲ ಕೂಡಲೇ ಅವಳ ದನಿ ನೆನಪಾಗುತ್ತದೆ. ಮತ್ತೆ ಆ ವಾಕ್ಯ ಅವಳದ್ದೇ ಆದ್ದರಿಂದ ವ್ಯಾಕರಣ ತಪ್ಪುವ ಭಯವಿಲ್ಲ. (ಮೆಕ್ಸಿಕೋದಲ್ಲಿ 'ಮಂತೇಕ' ಎಂದರೆ ಕೊಬ್ಬು, ಬೆಣ್ಣೆಗೆ 'ಮಂತೆಕೀಯ' ಎನ್ನುತ್ತಾರೆ. ಸಸ್ಯಾಹಾರಿಗಳು ಇದೊಂದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.)

ನೆನಪು ಎಲ್ಲರೆದುರು ಹೇಳುವಂಥದ್ದಾಗಿರಲಿ. ಅವಳು ಅತ್ತ ದಿನ, ಬಾಸ್ ಜೊತೆ ಆದ ಜಗಳ, ಸಂಬಳದ ವಿಷಯ ಬೇಡ.

ಹೆಜ್ಜೆ 3: ಕನ್ನಡದಲ್ಲಿ ಬರೆದು ಅನುವಾದಿಸಬೇಡಿ

ನಾನು ಮೊದಲು ಮಾಡಿದ ತಪ್ಪು ಇದೇ. ಕನ್ನಡದಲ್ಲಿ ಚೆನ್ನಾಗಿ ಬರೆದುಕೊಂಡು, ಒಂದೊಂದೇ ವಾಕ್ಯವನ್ನು ಸ್ಪ್ಯಾನಿಷ್‌ಗೆ ತಂದೆ. ಬಂದ ವಾಕ್ಯಗಳು ಎಷ್ಟು ಉದ್ದ ಇದ್ದವೆಂದರೆ ನಡುವೆ ಉಸಿರು ಸಾಲುತ್ತಿರಲಿಲ್ಲ. ಅದನ್ನು ಬಿಟ್ಟು, ಬಾಯಿಗೆ ಆಗಲೇ ರೂಢಿಯಾದ ಸ್ಪ್ಯಾನಿಷ್ ತುಣುಕುಗಳಿಂದಲೇ ಕಟ್ಟಿದೆ. ಕೊನೆಗೆ ನಿಂತ ಪಾಠ ಇದು:

ಮೆ ಪೆರ್ಮೀತೆನ್ ಊನಸ್ ಪಲಾಬ್ರಸ್?
(ಎರಡು ಮಾತು ಆಡಲೇ?)

ಕ್ವಾಂದೊ ಯೆಗೇ ಅ ಗ್ವದಲಹಾರ, ನೊ ಸಬೀಯ ನಿ ಪೆದೀರ್ ದೆ ಕೊಮೇರ್.
(ನಾನು ಗ್ವದಲಹಾರಕ್ಕೆ ಬಂದಾಗ ಊಟ ಕೇಳುವುದಕ್ಕೂ ಬರುತ್ತಿರಲಿಲ್ಲ.)

ಎನ್ ಲೊಸ್ ಪ್ವೇಸ್ತೊಸ್, ಏಯ ಸ್ಯೇಂಪ್ರೆ ಪ್ರೆಗುಂತಾಬ ಪೊರ್ ಮೀ: 'ಲೊಸ್ ಫ್ರಿಹೋಲೆಸ್ ಯೇಬನ್ ಮಂತೇಕ?'
(ಬೀದಿ ಅಂಗಡಿಗಳಲ್ಲಿ ಯಾವಾಗಲೂ ನನ್ನ ಪರವಾಗಿ ಇವಳೇ ಕೇಳುತ್ತಿದ್ದಳು: 'ಬೀನ್ಸ್ ಕಾಳಿಗೆ ಕೊಬ್ಬು ಹಾಕಿದ್ದೀರಾ?')

ಗ್ರಾಸ್ಯಸ್ ಅ ತೀ, ಅಮೀಗ, ಯೇಬೊ ತ್ರೇಸ್ ಆನ್ಯೊಸ್ ಕೊಮ್ಯೇಂದೊ ಬ್ಯೇನ್, ಇ ಸಿನ್ ಕಾರ್ನೆ.
(ನಿನ್ನಿಂದಾಗಿ, ಗೆಳತಿ, ಮೂರು ವರ್ಷದಿಂದ ಚೆನ್ನಾಗಿ ಉಣ್ಣುತ್ತಿದ್ದೇನೆ, ಮಾಂಸವಿಲ್ಲದೆ.)

ಗ್ರಾಸ್ಯಸ್ ತಂಬ್ಯೇನ್ ಪೊರ್ ತು ಪಸ್ಯೇನ್ಸ್ಯ ಕೊನ್ ಮಿ ಎಸ್ಪನ್ಯೋಲ್.
(ನನ್ನ ಸ್ಪ್ಯಾನಿಷ್ ಅನ್ನು ತಾಳ್ಮೆಯಿಂದ ಕೇಳಿಸಿಕೊಂಡಿದ್ದಕ್ಕೂ ಥ್ಯಾಂಕ್ಸ್.)

ತೆ ಬಾಮೊಸ್ ಅ ಎಕ್ಸ್ತ್ರನ್ಯಾರ್ ಮೂಚೊ.
(ನೀನಿಲ್ಲದೆ ನಮಗೆ ತುಂಬ ಬೇಜಾರಾಗುತ್ತದೆ.)

ಕೆ ತೆ ಬಾಯ ಮುಯ್ ಬ್ಯೇನ್ ಎನ್ ತು ನ್ವೇಬೊ ತ್ರಬಾಹೊ, ಇ ಕೆ ಅಯಾ ತಂಬ್ಯೇನ್ ಆಯ ಆಲ್ಗ್ಯೆನ್ ಕೆ ಪ್ರೆಗೂಂತೆ ಪೊರ್ ತೀ.
(ಹೊಸ ಕೆಲಸದಲ್ಲಿ ನಿನಗೆ ಒಳ್ಳೆಯದಾಗಲಿ, ಅಲ್ಲೂ ನಿನ್ನನ್ನು ವಿಚಾರಿಸಿಕೊಳ್ಳುವವರು ಯಾರಾದರೂ ಇರಲಿ.)

ಲೆಬಾಂತೆನ್ ಸುಸ್ ಬಾಸೊಸ್, ಪೊರ್ ಫಬೋರ್. ಪೊರ್ ನ್ವೇಸ್ತ್ರ ಅಮೀಗ: ಸಲೂದ್!
(ಎಲ್ಲರೂ ಲೋಟ ಎತ್ತಿ. ನಮ್ಮ ಗೆಳತಿಗಾಗಿ: ಸಲೂದ್!)

ಮೂರನೆಯ ಸಾಲಿನವರೆಗೆ ಅವಳ ಬಗ್ಗೆ ಉಳಿದವರಿಗೆ ಹೇಳುತ್ತಿದ್ದೇನೆ, ಅಲ್ಲಿ 'ಏಯ', ಅಂದರೆ 'ಅವಳು'. ನಾಲ್ಕನೆಯ ಸಾಲಿನಿಂದ ಅವಳ ಕಡೆ ತಿರುಗಿ 'ತೀ', 'ತು', 'ತೆ' ಎನ್ನುತ್ತೇನೆ. ಕೊನೆಯ ಸಾಲಿಗೆ ಮತ್ತೆ ಎಲ್ಲರ ಕಡೆ ತಿರುಗುತ್ತೇನೆ. ಮುಖ ತಿರುಗುವ ಜಾಗ ಕಾಗದದಲ್ಲೇ ಗುರುತು ಮಾಡಿಕೊಳ್ಳಿ. ಅವಳನ್ನೇ ನೋಡುತ್ತ 'ಏಯ' ಎಂದರೆ ಎದುರಿಗಿದ್ದವರನ್ನು ಇಲ್ಲದವರಂತೆ ಮಾತಾಡಿದ ಹಾಗಾಗುತ್ತದೆ.

ಹೊರಟವನು ಗೆಳೆಯನಾದರೆ 'ಏಯ' ಜಾಗದಲ್ಲಿ 'ಎಲ್', 'ಅಮೀಗ' ಜಾಗದಲ್ಲಿ 'ಅಮೀಗೊ', 'ನ್ವೇಸ್ತ್ರ' ಜಾಗದಲ್ಲಿ 'ನ್ವೇಸ್ತ್ರೊ' ಹಾಕಿ. ಮಿಕ್ಕಿದ್ದೆಲ್ಲ ಹಾಗೇ ಇರುತ್ತದೆ.

ಹೆಜ್ಜೆ 4: ಹಾರೈಕೆಯ ಸಾಲು

ಇದು ಕಷ್ಟದ ವ್ಯಾಕರಣ ಎಂದು ಪುಸ್ತಕಗಳು ಹೆದರಿಸುತ್ತವೆ, ಆದರೆ ಕನ್ನಡಿಗರಿಗೆ ಇದು ಮನೆಯ ದಾರಿ. 'ಒಳ್ಳೆಯದಾಗಲಿ', 'ಸುಖವಾಗಿರಲಿ' ಎಂದು ಕ್ರಿಯಾಪದದ ಕೊನೆಗೆ 'ಅಲಿ' ಹಚ್ಚಿ ನಾವು ಹಾರೈಸುತ್ತೇವಲ್ಲ, ಸ್ಪ್ಯಾನಿಷ್‌ನಲ್ಲಿ ಅದೇ ಕೆಲಸವನ್ನು ಮುಂದೆ 'ಕೆ' ಇಟ್ಟು, ಕ್ರಿಯಾಪದದ ಕೊನೆ ಬದಲಿಸಿ ಮಾಡುತ್ತಾರೆ. 'ಪ್ರೆಗೂಂತ' ಎಂದರೆ 'ಕೇಳುತ್ತಾರೆ', 'ಕೆ ಪ್ರೆಗೂಂತೆ' ಎಂದರೆ 'ಕೇಳಲಿ'. 'ಬಾ' ಎಂದರೆ 'ಹೋಗುತ್ತದೆ', 'ಕೆ ತೆ ಬಾಯ ಬ್ಯೇನ್' ಎಂದರೆ 'ನಿನಗೆ ಎಲ್ಲ ಚೆನ್ನಾಗಿ ಸಾಗಲಿ'. 'ನಾನು ಹಾರೈಸುತ್ತೇನೆ' ಎಂದು ಬೇರೆ ಹೇಳಬೇಕಾಗಿಲ್ಲ, ನಮ್ಮಲ್ಲೂ ಬೇಕಾಗುವುದಿಲ್ಲ.

'ಪ್ರೆಗುಂತಾರ್ ಪೊರ್' ಎಂಬ ಮಾತಿಗೆ ಎರಡು ಅರ್ಥ. ಒಬ್ಬರ ಪರವಾಗಿ ಕೇಳುವುದು ಒಂದು, ಒಬ್ಬರ ಯೋಗಕ್ಷೇಮ ವಿಚಾರಿಸುವುದು ಇನ್ನೊಂದು. ಮೊದಲು 'ಪೊರ್ ಮೀ' ಎಂದಾಗ ಹಿಂದೆಯೇ ಬೀನ್ಸ್ ಕಾಳಿನ ಪ್ರಶ್ನೆ ಬರುವುದರಿಂದ ಪರವಾಗಿ ಕೇಳಿದ ಅರ್ಥ ನಿಲ್ಲುತ್ತದೆ. ಕೊನೆಯಲ್ಲಿ 'ಪೊರ್ ತೀ' ಎಂದಾಗ ವಿಚಾರಿಸಿಕೊಳ್ಳುವ ಅರ್ಥ ಮುಂದೆ ಬರುತ್ತದೆ. ಮೊದಲು ಹೇಳಿದ ಮಾತನ್ನೇ ಕೊನೆಯಲ್ಲಿ ಅವಳಿಗೆ ಮರಳಿಸಿದಂತಾಯಿತು. ನಿಮ್ಮ ನೆನಪಿನಲ್ಲೂ ಇಂಥ ಒಂದು ಕ್ರಿಯಾಪದ ಹುಡುಕಿ, ಅದನ್ನೇ ಹಾರೈಕೆಯಲ್ಲಿ ತನ್ನಿ. ಕಾಫಿ ತಂದುಕೊಡುತ್ತಿದ್ದವನಾದರೆ 'ಅಲ್ಲೂ ನಿನಗೆ ಯಾರಾದರೂ ಕಾಫಿ ತಂದುಕೊಡಲಿ' ಎನ್ನಬಹುದು.

ಹೊಸ ಕೆಲಸ ಸಿಕ್ಕಿ ಹೋಗುವವರಿಗೆ ಮಾತ್ರ 'ನ್ವೇಬೊ ತ್ರಬಾಹೊ' ಎನ್ನಿ. ಕೆಲಸದಿಂದ ತೆಗೆದವರಿಗೆ ಆ ಮಾತು ಚುಚ್ಚುತ್ತದೆ. ಅಂಥವರಿಗೆ 'ಎನ್ ಲೊ ಕೆ ಬೇಂಗ' ಎಂದರೆ 'ಮುಂದೆ ಬರುವುದೆಲ್ಲದರಲ್ಲಿ' ಎಂದಾಗುತ್ತದೆ, ಯಾವ ಗಾಯವನ್ನೂ ಮುಟ್ಟುವುದಿಲ್ಲ. ನಿವೃತ್ತರಿಗೆ 'ಕೆ ದಿಸ್ಫ್ರೂತೆ ಸು ಹುಬಿಲಸ್ಯೋನ್', ನಿವೃತ್ತಿಯ ದಿನಗಳು ಸಂತೋಷದಿಂದ ಕಳೆಯಲಿ ಎಂದು.

ಹೆಜ್ಜೆ 5: ಅರ್ಥ ಕೆಡಿಸುವ ಮಾತುಗಳನ್ನು ತೆಗೆಯಿರಿ

'ನಮ್ಮನ್ನು ಬಿಟ್ಟು ಹೋದಳು' ಎಂಬುದಕ್ಕೆ ನಮ್ಮಲ್ಲಿರುವ ಅಪಶಕುನವೇ ಅಲ್ಲೂ ಇದೆ. 'ನೊಸ್ ದೆಹೋ' ಎಂದರೆ ತೀರಿಕೊಂಡಳು ಎಂಬ ಅರ್ಥ ಬರುತ್ತದೆ. 'ಯಾ ನೊ ಎಸ್ತಾ ಕೊನ್ ನೊಸೋತ್ರೊಸ್', 'ಅವಳು ಈಗ ನಮ್ಮೊಂದಿಗಿಲ್ಲ' ಎಂಬುದೂ ಹಾಗೇ. ಹೊರಡುವುದನ್ನು ಹೇಳಲೇಬೇಕಾದರೆ 'ತೆ ಬಾಸ್', 'ನೀನು ಹೊರಟಿದ್ದೀಯ', ಅಷ್ಟೇ ಸಾಕು.

'ಪೇನ' ಎಂಬ ಪದದಲ್ಲಿ ನಾನೇ ಸಿಕ್ಕಿಬೀಳುತ್ತಿದ್ದೆ. ಸ್ಪೇನ್‌ನಲ್ಲಿ 'ಮೆ ದಾ ಪೇನ' ಎಂದರೆ ಬೇಸರವಾಗುತ್ತಿದೆ. ಮೆಕ್ಸಿಕೋದಲ್ಲಿ ಅದೇ ಮಾತಿಗೆ ನಾಚಿಕೆಯಾಗುತ್ತಿದೆ, ಸಂಕೋಚವಾಗುತ್ತಿದೆ ಎಂಬ ಅರ್ಥವೇ ಹೆಚ್ಚು. 'ನೀನು ಹೋಗುತ್ತಿರುವುದು ನಾಚಿಕೆಯ ವಿಷಯ' ಎಂದಂತಾಗಬಾರದಲ್ಲ. ಅಲ್ಲಿ 'ಮೆ ದಾ ತ್ರಿಸ್ತೇಸ' ಎನ್ನಿ.

ಇಂಗ್ಲಿಷ್ ಗೊತ್ತಿರುವುದರಿಂದ ಆಗುವ ಎಡವಟ್ಟು ಇನ್ನೊಂದು. ಉತ್ಸಾಹವಾಗಿದೆ ಎನ್ನಲು 'ಎಕ್ಸಿತಾದೊ' ಬಳಸಿದರೆ ಅದು ಕಾಮದ ಅರ್ಥ ಕೊಡುತ್ತದೆ. 'ಮೆ ದಾ ಮೂಚೊ ಗೂಸ್ತೊ ಪೊರ್ ತೀ', 'ನಿನ್ನ ವಿಷಯದಲ್ಲಿ ತುಂಬ ಖುಷಿಯಾಗಿದೆ' ಎಂಬುದು ಸರಿಯಾದ ಮಾತು. ಹಾಗೆಯೇ 'ಏಕ್ಸಿತೊ' ಎಂದರೆ ಹೊರಹೋಗುವ ದಾರಿಯಲ್ಲ, ಯಶಸ್ಸು. ಮೆಕ್ಸಿಕೋದಲ್ಲಿ ಬೀಳ್ಕೊಡುವಾಗ 'ಮೂಚೊ ಏಕ್ಸಿತೊ' ಎಂದು ಧಾರಾಳವಾಗಿ ಹಾರೈಸುತ್ತಾರೆ.

'ತೆ ಆಮೊ' ಎಂಬುದು ಪ್ರೇಮಿಗಳ, ಮನೆಯವರ ಮಾತು. ಅಕ್ಕರೆ ತೋರಿಸಲು 'ತೆ ಕೆರೇಮೊಸ್ ಮೂಚೊ', 'ನಾವೆಲ್ಲ ನಿನ್ನನ್ನು ತುಂಬ ಇಷ್ಟಪಡುತ್ತೇವೆ' ಎನ್ನಿ. 'ನಾವು' ಎಂದು ಹೇಳುವುದರಿಂದ ಯಾರೂ ತಪ್ಪು ತಿಳಿಯುವುದಿಲ್ಲ.

ಕೊನೆಯದು 'ಪೊರ್' ಮತ್ತು 'ಪಾರ'. ನಮಗೆ ಎರಡೂ 'ಗಾಗಿ'. ಲೋಟ ಎತ್ತುವಾಗ ಯಾವಾಗಲೂ 'ಪೊರ್': 'ಬ್ರಿಂದೇಮೊಸ್ ಪೊರ್ ಏಯ'. ನಾನು ಮೊದಲು 'ಪ್ರೆಗುಂತಾಬ ಪಾರ ಮೀ' ಎಂದು ಬರೆದಿದ್ದೆ, ತಂಡದ ಇನ್ನೊಬ್ಬರು ಓದಿ 'ಪೊರ್' ಎಂದು ತಿದ್ದಿದರು. ಅಲ್ಲಿಂದಲೇ ಕೊನೆಯ ಸಾಲೂ ಹೊಳೆಯಿತು.

ಹೆಜ್ಜೆ 6: ಕನ್ನಡದ ನಾಲಿಗೆಯನ್ನೇ ಬಳಸಿ

ಸ್ಪ್ಯಾನಿಷ್ ಪದ ಕಂಡಾಗ ನಾವು ಇಂಗ್ಲಿಷ್ ಓದುವ ಹಾಗೆ ಓದಿಬಿಡುತ್ತೇವೆ, 'ಟೆ ವಾಮೊಸ್' ಎಂದು. ಅಲ್ಲಿ 'ಟ', 'ಡ' ಇಲ್ಲವೇ ಇಲ್ಲ. ಇರುವುದು ನಮ್ಮ 'ತ', 'ದ', ನಾಲಿಗೆ ಹಲ್ಲಿಗೆ ತಾಗುವಂಥವು. 'ವ' ಎಂದು ಕಾಣುವ ಅಕ್ಷರವನ್ನೂ 'ಬ' ಎಂದೇ ಹೇಳುತ್ತಾರೆ, ಪದದ ನಡುವೆ ಬಂದರೆ ತುಟಿ ಪೂರ್ತಿ ಮುಚ್ಚದೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕನ್ನಡದಂತೆ ಓದಿದರೆ ಅರ್ಧ ಕೆಲಸ ಆಗಿಹೋಗುತ್ತದೆ.

ಆದರೆ ನಮ್ಮದೇ ಎರಡು ಅಭ್ಯಾಸಗಳನ್ನು ಬಿಡಬೇಕು. ಬಸ್ಸು, ಕಾರು ಎಂದು ಕೊನೆಗೆ 'ಉ' ಸೇರಿಸುವ ನಾಲಿಗೆ 'ಸಲೂದು' ಎಂದುಬಿಡುತ್ತದೆ. ಕೊನೆಯ 'ದ್' ತೀರ ಮೆತ್ತಗೆ, ಕೇಳಿಸಿಯೂ ಕೇಳಿಸದಂತೆ ಇರಬೇಕು. ಇನ್ನೊಂದು, 'ಎಲ್ಲ' ಎನ್ನುವಾಗ ಆಡುಮಾತಿನಲ್ಲಿ 'ಯೆಲ್ಲ' ಎನ್ನುತ್ತೇವಲ್ಲ, ಆ 'ಯ'ಕಾರ 'ಏಯ', 'ಎನ್', 'ಎಸ್ಪನ್ಯೋಲ್' ಪದಗಳ ಮುಂದೆ ನುಸುಳಬಾರದು.

'ಆನ್ಯೊಸ್' ಎಂಬಲ್ಲಿ 'ನ್ಯ' ಬಿಟ್ಟುಹೋಗಿ 'ಆನೊಸ್' ಆದರೆ 'ವರ್ಷಗಳು' ಹೋಗಿ 'ಗುದದ್ವಾರಗಳು' ಆಗುತ್ತದೆ. ನಮ್ಮ ವರ್ಣಮಾಲೆಯ 'ಞ' ಹೇಳುವ ಜಾಗದಲ್ಲೇ ನಾಲಿಗೆ ಇಟ್ಟರೆ ಸರಿ ಬರುತ್ತದೆ. ಇದೊಂದು ಪದವನ್ನು ಬೇರೆಯಾಗಿ ಇಪ್ಪತ್ತು ಸಲ ಹೇಳಿ.

ಒತ್ತು ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ಪಾಠದಲ್ಲೇ ಜೋಡಿಯೊಂದಿದೆ: 'ಅಯಾ' ಎಂದರೆ 'ಅಲ್ಲಿ', 'ಆಯ' ಎಂದರೆ 'ಇರಲಿ'. ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ, ಮೆಕ್ಸಿಕೋದ ಉಚ್ಚಾರದಲ್ಲಿ ಒತ್ತು ಬಿಟ್ಟರೆ ಬೇರೆ ವ್ಯತ್ಯಾಸವೇ ಇಲ್ಲ. ನಾನು ಎಡವುತ್ತಿದ್ದುದು ಇಲ್ಲೇ. 'ಕೆ ಅಯಾ ತಂಬ್ಯೇನ್' ಎಂದು ಒಂದು ಉಸಿರು ನಿಂತು, ಆಮೇಲೆ 'ಆಯ ಆಲ್ಗ್ಯೆನ್' ಎಂದ ಮೇಲೆ ಸಲೀಸಾಯಿತು.

'ಹ' ಮಾತ್ರ ನಮ್ಮದಕ್ಕಿಂತ ಸ್ವಲ್ಪ ಗಡಸು, ಗಂಟಲಿನಿಂದ ಬರುವುದು. ನಮ್ಮ 'ಹ' ಹೇಳಿದರೂ ಅರ್ಥವಾಗುತ್ತದೆ.

ಸ್ಪೇನ್‌ನವರ ಮುಂದಾದರೆ 'ಗ್ರಾಸ್ಯಸ್' ಪದದ 'ಸ್ಯ'ವನ್ನು ನಾಲಿಗೆ ಹಲ್ಲುಗಳ ನಡುವೆ ಇಟ್ಟು ಹೇಳಬೇಕೇ ಎಂದು ಕೇಳುತ್ತಾರೆ. ಬೇಕಿಲ್ಲ. ಇಡೀ ಲ್ಯಾಟಿನ್ ಅಮೆರಿಕ, ಸ್ಪೇನ್‌ನದೇ ಕ್ಯಾನರಿ ದ್ವೀಪಗಳು 'ಸ' ಎಂದೇ ಹೇಳುತ್ತವೆ. ಲೋಟ ಎತ್ತಿಸುವ ಸಾಲನ್ನೂ ಅಲ್ಲಿಯ ರೀತಿಗೆ ಬದಲಿಸಿ: 'ಲೆಬಂತಾದ್ ಲಸ್ ಕೋಪಸ್'. 'ಬಾಸೊ' ಎಂದರೆ ಸಾದಾ ಲೋಟ, 'ಕೋಪ' ಎಂದರೆ ಕಾಲಿರುವ ಗಾಜಿನ ಲೋಟ. ಕೈಯಲ್ಲಿ ಪ್ಲಾಸ್ಟಿಕ್ ಲೋಟ ಇದ್ದಾಗ 'ಕೋಪ' ಎಂದರೆ ಹೊಂದುವುದಿಲ್ಲ.

ಹೆಜ್ಜೆ 7: ಪರೀಕ್ಷೆ

ಮೂರು ದಿನ ಮೊದಲೇ ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿ ಕೇಳಿ. ಒಂದೂಕಾಲು ನಿಮಿಷ ದಾಟಿದರೆ ಒಂದು ಸಾಲು ತೆಗೆಯಿರಿ. ನನ್ನ ಪಾಠದಲ್ಲಿ ತೆಗೆಯಬಹುದಾದ ಸಾಲು ಐದನೆಯದು, ತಾಳ್ಮೆಯದ್ದು. ಅದಿಲ್ಲದಿದ್ದರೂ ಉಳಿದದ್ದು ನಿಲ್ಲುತ್ತದೆ.

ಆಮೇಲೆ ಸ್ಪ್ಯಾನಿಷ್ ತಾಯ್ನುಡಿಯ ಇನ್ನೊಬ್ಬ ಸಹೋದ್ಯೋಗಿಯ ಎದುರು ಒಮ್ಮೆ ಹೇಳಿ. ಕಾಗದ ತೋರಿಸಬೇಡಿ. 'ಹೇಗಿದೆ?' ಎಂದು ಕೇಳಿದರೆ ಸೌಜನ್ಯಕ್ಕೆ ಚೆನ್ನಾಗಿದೆ ಎನ್ನುತ್ತಾರೆ. 'ನಾನು ಹೇಳಿದ್ದೇನು, ಹೇಳಿ ನೋಡೋಣ' ಎಂದು ಕೇಳಿ. ಅವರು ಬಿಟ್ಟ ಸಾಲು ಯಾವುದೋ, ನಿಮ್ಮ ಉಚ್ಚಾರ ಕೆಟ್ಟಿರುವುದು ಅಲ್ಲಿ.

ಹೆಜ್ಜೆ 8: ಆ ದಿನ

ಮೆಕ್ಸಿಕೋದಲ್ಲಿ ಮಧ್ಯಾಹ್ನದ ಊಟ ನಮಗಿಂತ ತಡ, ಎರಡು ಗಂಟೆಯ ಮೇಲೆ. ಬೀಳ್ಕೊಡುಗೆ ಅದರ ಹಿಂದೆಯೇ, ಕೇಕ್ ಕತ್ತರಿಸುವ ಹೊತ್ತಿಗೆ ಆಗುವುದುಂಟು. ಕೇಕ್ ಹಂಚುವ ಮೊದಲೇ ಮಾತಾಡಿ. ತಟ್ಟೆ ಕೈಗೆ ಬಂದ ಮೇಲೆ ಲೋಟ ಎತ್ತಲು ಯಾರಿಗೂ ಕೈ ಇರುವುದಿಲ್ಲ.

ಮದ್ಯ ಕುಡಿಯದಿದ್ದರೆ ತೊಂದರೆಯಿಲ್ಲ, ಆದರೆ ಲೋಟದಲ್ಲಿ ಬರಿ ನೀರು ಬೇಡ. ನೀರಿನಿಂದ 'ಸಲೂದ್' ಹೇಳುವುದು ಅಶುಭ ಎಂದು ನಂಬುವವರು ಸ್ಪೇನ್‌ನಲ್ಲೂ ಲ್ಯಾಟಿನ್ ಅಮೆರಿಕದಲ್ಲೂ ಇದ್ದಾರೆ. ನಾನು 'ಆಗ್ವ ದೆ ಹಮಾಯ್ಕ' ಹಿಡಿದಿದ್ದೆ, ಒಣಗಿದ ಒಂದು ಬಗೆಯ ದಾಸವಾಳದಿಂದ ಮಾಡುವ ಕೆಂಪು ಪಾನಕ.

'ಮೆ ಪೆರ್ಮೀತೆನ್' ಎಂದ ಮೇಲೆ ಸದ್ದು ಅಡಗುವವರೆಗೆ ಕಾಯಿರಿ. ಪ್ರತಿ ಸಾಲಿನ ಮೊದಲ ಎರಡು ಪದ, ಜೊತೆಗೆ ಅವಳ ಆ ಪ್ರಶ್ನೆ ಮಾತ್ರ ಬರೆದ ಚೀಟಿ ಅಂಗೈಯಲ್ಲಿರಲಿ. ಬೀನ್ಸ್ ಕಾಳಿನ ಸಾಲಿಗೆ ಜನ ನಕ್ಕರೆ ನಗು ಮುಗಿಯಲು ಬಿಡಿ. ಗಂಟಲು ಕಟ್ಟುವುದು 'ತೆ ಬಾಮೊಸ್ ಅ ಎಕ್ಸ್ತ್ರನ್ಯಾರ್' ಎಂಬಲ್ಲಿ. ನನಗೂ ಅಲ್ಲೇ ಕಟ್ಟಿತು. ಆಗ ಅವಳನ್ನು ನೋಡದೆ ಲೋಟ ನೋಡಿ, ಒಂದು ಉಸಿರು ತೆಗೆದುಕೊಂಡು ಮುಂದುವರಿಯಿರಿ. ಪದ ಮರೆತರೆ ನೇರ ಕೊನೆಯ ಸಾಲಿಗೆ ಹಾರಿ, ಅಲ್ಲಿಂದ 'ಸಲೂದ್' ಎಂದುಬಿಡಿ, ಎಲ್ಲರೂ ಜೊತೆಗೂಡುತ್ತಾರೆ. ಲೋಟ ತಾಗಿಸುವಾಗ ಕಣ್ಣಿನಲ್ಲಿ ಕಣ್ಣಿಟ್ಟು ನೋಡಬೇಕು, ಲೋಟದ ಕಡೆ ಅಲ್ಲ.

ಮುಗಿದ ಮೇಲೆ ಕೊಡಲೆಂದು ಇಡೀ ಪಾಠವನ್ನು ಅವಳ ಲಿಪಿಯಲ್ಲಿ ಒಂದು ಕಾರ್ಡಿನ ಮೇಲೆ ಬರೆದಿಟ್ಟುಕೊಳ್ಳಿ. ಬರೆಯುವಾಗ ಪ್ರಶ್ನೆಯ ಮತ್ತು ಉದ್ಗಾರದ ಚಿಹ್ನೆಗಳು ವಾಕ್ಯದ ಆರಂಭದಲ್ಲೂ ತಲೆಕೆಳಗಾಗಿ ಬರಬೇಕು. ನಾನೂ ಬರೆದಿಟ್ಟಿದ್ದೆ. ಅವಳು ಅದನ್ನು ತೆಗೆದುಕೊಂಡು, ನನ್ನ ಅಂಗೈಯಲ್ಲಿ ಬೆವರಿಗೆ ಒದ್ದೆಯಾಗಿದ್ದ ಕನ್ನಡದ ಚೀಟಿಯನ್ನೂ ಕೇಳಿ ಪಡೆದಳು. ಅದರಲ್ಲಿ 'ಮಂತೇಕ' ಎಲ್ಲಿದೆ ತೋರಿಸು ಎಂದಳು. ತೋರಿಸಿದೆ. ಆ ಮೂರು ಅಕ್ಷರಗಳ ಕೆಳಗೆ ಪೆನ್ನಿನಿಂದ ಗೆರೆ ಎಳೆದುಕೊಂಡು ಚೀಟಿಯನ್ನು ಪರ್ಸಿಗೆ ಹಾಕಿಕೊಂಡಳು.